ಮೂರನೇ ದಿನ ಗೆದ್ದ ತಲೆಬರಹ

ಸಾಗರದ ಕಡೆಯ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಅವರ ಜಾಹೀರಾತು ಕಂಡು ಒತ್ತಿದವರೆಲ್ಲ ಬಂದಿಳಿಯುವುದು ಒಂದೇ ಪುಟಕ್ಕೆ. ಮೇಲೆ ದೊಡ್ಡ ಅಕ್ಷರದ ತಲೆಬರಹ, ಕೆಳಗೆ ಭರಣಿಯ ಚಿತ್ರ, ಬೆಲೆ, ಆರ್ಡರ್ ಬಟನ್. ಇದನ್ನೇ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ದಿನಕ್ಕೆ 400 ಜನ ಬರುತ್ತಾರೆ. ನೂರಕ್ಕೆ ನಾಲ್ವರು ಕೊಳ್ಳುತ್ತಾರೆ.

ಈಗಿರುವ ತಲೆಬರಹ ‘ಮಲೆನಾಡಿನ ಮನೆಯ ಅಪ್ಪೆಮಿಡಿ’. ಅಪ್ಪನಿಗೆ ಇದು ಇಷ್ಟ. ‘ವಿನೆಗರ್ ಇಲ್ಲ, ಪ್ರಿಸರ್ವೇಟಿವ್ ಇಲ್ಲ, ಬರೀ ಉಪ್ಪು-ಮೆಣಸು-ಸಾಸಿವೆ’ ಎಂದು ಹಾಕಿದರೆ ಹೆಚ್ಚು ಹೋಗುತ್ತದೆ ಎಂಬುದು ಮಗಳ ವಾದ. ಇಬ್ಬರೂ ಕೂತು ಎಷ್ಟು ಚರ್ಚಿಸಿದರೂ ಇದು ತೀರುವುದಿಲ್ಲ, ಏಕೆಂದರೆ ಉತ್ತರ ಇರುವುದು ಕೊಳ್ಳುವವರ ಬಳಿ. ಕಂಪ್ಯೂಟರ್ ಇಲ್ಲದ ಕಾಲದಲ್ಲೂ ಈ ಕೆಲಸ ನಡೆಯುತ್ತಿತ್ತು. ಅಮೆರಿಕದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ 1923ರ ತನ್ನ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಪುಸ್ತಕದಲ್ಲಿ ಹೇಳುವುದೂ ಇದನ್ನೇ: ಒಂದೊಂದು ಜಾಹೀರಾತಿನ ಕೂಪನ್ನಿಗೆ ಒಂದೊಂದು ಗುರುತು ಹಾಕಿ, ಯಾವ ಕೂಪನ್ ಎಷ್ಟು ವಾಪಸು ಬಂತೆಂದು ಎಣಿಸುವುದು.

ಇವತ್ತು ಎಣಿಕೆ ಸುಲಭ, ಪಾಲು ಮಾಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಈ ವಾರ ಹಳೆಯ ತಲೆಬರಹ, ಮುಂದಿನ ವಾರ ಹೊಸದು ಎಂದು ಮಾಡಿದರೆ ಅಳೆದದ್ದು ತಲೆಬರಹವನ್ನಲ್ಲ. ಎರಡನೇ ವಾರದಲ್ಲಿ ಸಂಬಳದ ದಿನ ಬಂದಿರಬಹುದು, ಹಬ್ಬ ಬಂದಿರಬಹುದು. ಎರಡು ಬೇರೆ ಜಾಹೀರಾತು ಹಾಕಿ, ಒಂದನ್ನು ಹಳೆಯ ಪುಟಕ್ಕೂ ಇನ್ನೊಂದನ್ನು ಹೊಸ ಪುಟಕ್ಕೂ ಜೋಡಿಸುವುದೂ ಸರಿಯಲ್ಲ. ಯಾವ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಜಾಹೀರಾತು ಕಂಪನಿಯ ಯಂತ್ರವೇ ಆರಿಸುತ್ತದೆ, ಹಾಗಾಗಿ ಎರಡು ಪುಟಕ್ಕೆ ಬರುವ ಜನರೇ ಬೇರೆ ಬೇರೆ. ಜಾಹೀರಾತು ಒಂದೇ ಇರಬೇಕು. ಪುಟಕ್ಕೆ ಬಂದ ಪ್ರತಿಯೊಬ್ಬರಿಗೂ ಆ ಕ್ಷಣದಲ್ಲೇ ನಾಣ್ಯ ಚಿಮ್ಮಿದ ಹಾಗೆ ಒಂದು ತಲೆಬರಹ ಬೀಳಬೇಕು. ನಾಳೆ ಅದೇ ಫೋನಿನಿಂದ ಮತ್ತೆ ಬಂದರೆ ಅದೇ ತಲೆಬರಹ ಕಾಣಬೇಕು. ಇದನ್ನು ನೆನಪಿಡಲು ಬ್ರೌಸರಿನಲ್ಲಿ ಕುಕಿ ಎಂಬ ಪುಟ್ಟ ಗುರುತು ಇಡುತ್ತಾರೆ. ಚಿತ್ರ, ಬೆಲೆ, ಬಟನ್ನಿನ ಬಣ್ಣ, ಬೇರೇನನ್ನೂ ಮುಟ್ಟಬಾರದು.

ಶುರುಮಾಡುವ ಮುನ್ನ ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ಎಷ್ಟು ವ್ಯತ್ಯಾಸವಾದರೆ ನಮಗೆ ಲೆಕ್ಕ? ನೂರಕ್ಕೆ ನಾಲ್ಕು ಇದ್ದದ್ದು ಐದಾದರೆ ಆ ಮನೆಗೆ ಸಾರ್ಥಕ ಎನ್ನೋಣ. ನಾಲ್ಕಕ್ಕೂ ಐದಕ್ಕೂ ನಡುವಿನ ವ್ಯತ್ಯಾಸವನ್ನು ನಂಬಿಕೆಯಿಂದ ಗುರುತಿಸಲು ಒಂದೊಂದು ತಲೆಬರಹಕ್ಕೆ ಸುಮಾರು 7,000 ಜನ ಬೇಕಾಗುತ್ತಾರೆ. ದಿನಕ್ಕೆ 400ರಂತೆ ಒಟ್ಟು 14,000 ಜನ ಬರಲು 35 ದಿನ, ಸರಿಯಾಗಿ ಐದು ವಾರ. ವಾರಗಳು ಪೂರ್ತಿಯಾಗಿರುವುದು ಒಳ್ಳೆಯದು, ಏಕೆಂದರೆ ಭಾನುವಾರದ ಗಿರಾಕಿ ಬುಧವಾರದ ಗಿರಾಕಿಯಂತಲ್ಲ. ಮುಗಿಸುವ ತಾರೀಖನ್ನು ಆಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಬಿಡಬೇಕು.

ಈಗ ಮೂರನೇ ದಿನಕ್ಕೆ ಬರೋಣ. ಎರಡೂ ಕಡೆ 600 ಜನ ಬಂದಿದ್ದಾರೆ. ಹಳೆಯ ತಲೆಬರಹಕ್ಕೆ 20 ಆರ್ಡರ್, ಹೊಸದಕ್ಕೆ 38. ಶೇಕಡಾ 90ರಷ್ಟು ಹೆಚ್ಚಳ! ಮಗಳು ಕುಣಿದಾಡುತ್ತಾಳೆ. ಅಪ್ಪನೂ ಒಪ್ಪಿಬಿಡುವ ಹೊತ್ತು.

ಇಲ್ಲೊಂದು ಲೆಕ್ಕವಿದೆ, ಕಾಗದ-ಪೆನ್ನಿನಲ್ಲೇ ಮಾಡಬಹುದು. ಎರಡು ಕಡೆಗೂ ಹೆಚ್ಚುಕಡಿಮೆ ಸಮ ಜನ ಬಂದಿದ್ದು, ಕೊಳ್ಳುವವರು ಬಂದವರಲ್ಲಿ ಸಣ್ಣ ಪಾಲಾಗಿದ್ದರೆ, ಒಟ್ಟು ಆರ್ಡರುಗಳ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. ಆರ್ಡರುಗಳ ವ್ಯತ್ಯಾಸ ಅದಕ್ಕಿಂತ ಕಡಿಮೆಯಿದ್ದರೆ ಬರೀ ಆಕಸ್ಮಿಕವೂ ಆಗಿರಬಹುದು. ತಲೆಬರಹಗಳು ನಿಜಕ್ಕೂ ಸಮಬಲದವಾಗಿದ್ದರೆ, ವ್ಯತ್ಯಾಸ ಈ ಗೆರೆ ದಾಟುವುದು ನೂರು ಪರೀಕ್ಷೆಗಳಲ್ಲಿ ಸುಮಾರು ಐದರಲ್ಲಿ ಮಾತ್ರ. ಮೂರನೇ ದಿನದ ಲೆಕ್ಕ ಹೀಗೆ:

2 × √(20 + 38) ≈ 15

ವ್ಯತ್ಯಾಸ 18. ಗೆರೆ ದಾಟಿದೆ. ಹಾಗಾದರೆ ನಿಲ್ಲಿಸಬಹುದಲ್ಲ?

ನಿಲ್ಲಿಸಬಾರದು, ಮತ್ತು ಈ ಇಡೀ ವಿಷಯದಲ್ಲಿ ನಾನು ಒತ್ತಿ ಹೇಳಬೇಕಾದ ಮಾತೂ ಇದೇ. ‘ನೂರಕ್ಕೆ ಐದು’ ಎಂಬ ಭರವಸೆ ಸಿಗುವುದು ಒಂದೇ ಸಲ, ಮೊದಲೇ ಗೊತ್ತುಮಾಡಿದ ದಿನ ನೋಡಿದರೆ. ದಿನಾ ಇಣುಕಿ, ಗೆರೆ ದಾಟಿದ ದಿನ ನಿಲ್ಲಿಸುತ್ತೇನೆ ಎಂದರೆ ಆಕಸ್ಮಿಕಕ್ಕೆ ದಿನಾ ಒಂದೊಂದು ಅವಕಾಶ ಕೊಟ್ಟಂತೆ. ಪರೀಕ್ಷೆಯ ನಡುವೆ ಸಮ ಅಂತರದಲ್ಲಿ ಐದು ಸಲ ನೋಡಿದರೆ ಸುಳ್ಳು ಗೆಲುವಿನ ಸಾಧ್ಯತೆ ಶೇ. 14ಕ್ಕೆ, ಹತ್ತು ಸಲ ನೋಡಿದರೆ ಸುಮಾರು ಶೇ. 19ಕ್ಕೆ ಏರುತ್ತದೆ. ಇಣುಕುವವರು ಮೋಸ ಮಾಡಬೇಕೆಂದು ಹೊರಟವರಲ್ಲ. ತಮಗೆ ಬೇಕಾದ ಉತ್ತರ ಕಂಡ ಕೂಡಲೇ ನಿಲ್ಲಿಸುತ್ತಾರೆ, ಬೇಡದ್ದು ಕಂಡರೆ ‘ಇನ್ನೂ ನೋಡೋಣ’ ಎನ್ನುತ್ತಾರೆ, ಅಷ್ಟೇ.

ಐದು ವಾರ ಕಳೆದವು. ಹಳೆಯದನ್ನು ನೋಡಿದವರು 7,038, ಆರ್ಡರ್ 284. ಹೊಸದನ್ನು ನೋಡಿದವರು 6,962, ಆರ್ಡರ್ 317.

ಆರ್ಡರಿಗೆ ಮೊದಲು ನೋಡಬೇಕಾದದ್ದು ಬಂದವರ ಸಂಖ್ಯೆ. ನಾಣ್ಯ ನೆಟ್ಟಗಿದ್ದರೆ ಎರಡೂ ಪಾಲು ಸಮವಾಗಿರಬೇಕು. ಅದೇ ಲೆಕ್ಕ ಇಲ್ಲಿಗೂ ಸಲ್ಲುತ್ತದೆ: 2 × √14,000 ಅಂದರೆ ಸುಮಾರು 237. ನಮ್ಮ ವ್ಯತ್ಯಾಸ 76, ತೊಂದರೆಯಿಲ್ಲ. ಒಂದು ಕಡೆ 7,400, ಇನ್ನೊಂದು ಕಡೆ 6,600 ಬಂದಿದ್ದರೆ ಆರ್ಡರಿನ ಲೆಕ್ಕವನ್ನು ನೋಡದೆ ಬದಿಗಿಡಬೇಕಿತ್ತು. ಹಾಗಾಗಲು ಸಾಮಾನ್ಯ ಕಾರಣ, ಹೊಸ ಪುಟ ಬೇರೆ ವಿಳಾಸದಲ್ಲಿದ್ದು ತೆರೆಯಲು ತಡವಾಗುವುದು. ನೆಟ್‌ವರ್ಕ್ ದುರ್ಬಲವಿರುವವರು ಎಣಿಕೆಗೆ ಸಿಗುವ ಮೊದಲೇ ಹೊರಟುಹೋಗಿರುತ್ತಾರೆ. ಉಳಿದವರು ಒಳ್ಳೆಯ ಫೋನಿರುವವರು, ಹೆಚ್ಚು ಕೊಳ್ಳುವವರು. ಗೆಲುವು ಅವರದು, ತಲೆಬರಹದ್ದಲ್ಲ.

ಈಗ ಆರ್ಡರ್. ವ್ಯತ್ಯಾಸ 33. 2 × √601 ಅಂದರೆ 49. ಗೆರೆ ಮುಟ್ಟಿಲ್ಲ. ಮೂರನೇ ದಿನದ ಶೇ. 90 ಈಗ ಶೇ. 13ಕ್ಕೆ ಇಳಿದಿದೆ, ಅದೂ ಖಾತ್ರಿಯಿಲ್ಲ.

ಇಲ್ಲಿಂದ ಮುಂದೆ ಮನಸ್ಸು ದಾರಿ ಹುಡುಕತೊಡಗುತ್ತದೆ. ಇನ್ನೊಂದು ವಾರ ಓಡಿಸಿದರೆ? ಬೆಂಗಳೂರಿನವರನ್ನಷ್ಟೇ ನೋಡಿದರೆ? ರಾತ್ರಿ ಬಂದವರನ್ನು ನೋಡಿದರೆ? ಹಾಗೆ ಇಪ್ಪತ್ತು ತುಂಡು ಮಾಡಿದರೆ ಎಲ್ಲೋ ಒಂದು ತುಂಡು ಆಕಸ್ಮಿಕವಾಗಿಯೇ ಗೆರೆ ದಾಟುವ ಸಾಧ್ಯತೆ ಹೆಚ್ಚು. ಇಪ್ಪತ್ತಕ್ಕೆ ಒಂದು ಎಂಬುದೇ ನೂರಕ್ಕೆ ಐದು. ಕೆಲವರು ಆರ್ಡರ್ ಬಿಟ್ಟು ಬಟನ್ ಒತ್ತಿದವರನ್ನು ಎಣಿಸಲು ಹೊರಡುತ್ತಾರೆ. ಅಳತೆಗೋಲನ್ನು ಫಲಿತಾಂಶ ನೋಡಿದ ಮೇಲೆ ಬದಲಿಸಿದರೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ.

ಪ್ರಾಮಾಣಿಕ ಓದು ಹೀಗಿರುತ್ತದೆ: ಹೊಸ ತಲೆಬರಹದಿಂದ ಸಾವಿರ ಜನಕ್ಕೆ ಒಂದೆರಡು ಆರ್ಡರ್ ಕಡಿಮೆಯಾಗುವುದರಿಂದ ಹಿಡಿದು ಹನ್ನೆರಡು ಹೆಚ್ಚಾಗುವವರೆಗೆ ಏನು ಬೇಕಾದರೂ ಇರಬಹುದು. ಇದು ಸೋಲಲ್ಲ, ಗೆಲುವೂ ಅಲ್ಲ. ಹೊಸದನ್ನೇ ಇಟ್ಟುಕೊಳ್ಳಲು ಅಡ್ಡಿಯಿಲ್ಲ: ಬದಲಾವಣೆಗೆ ಖರ್ಚಿಲ್ಲ, ದೊಡ್ಡ ನಷ್ಟದ ಭಯವೂ ಕಾಣುತ್ತಿಲ್ಲ. ಆದರೆ ‘ಪರೀಕ್ಷೆಯಲ್ಲಿ ಗೆದ್ದದ್ದು’ ಎಂದು ಅದನ್ನು ಕರೆಯಬಾರದು.

ದಿನಕ್ಕೆ 30 ಜನ ಬರುವ ಪುಟಕ್ಕೆ ಈ ಲೆಕ್ಕ ಇನ್ನೂ ಕಠಿಣ. 14,000 ಜನ ಸೇರಲು ಒಂದು ವರ್ಷ ಮೀರುತ್ತದೆ. ಅಂಥವರು ಪದ ಬದಲಿಸುವ ಪರೀಕ್ಷೆಯನ್ನು ಬಿಟ್ಟುಬಿಡುವುದೇ ಮೇಲು. ನೂರಕ್ಕೆ ನಾಲ್ಕನ್ನು ಎಂಟಾಗಿಸುವಂಥ ದೊಡ್ಡ ಬದಲಾವಣೆ ಕೈಯಲ್ಲಿದ್ದರೆ ಮಾತ್ರ ಪರೀಕ್ಷೆ ಮಾಡಬಹುದು, ಅದಕ್ಕೆ ಒಂದೊಂದು ಕಡೆ ಸುಮಾರು 600 ಜನ ಸಾಕು. ಇಲ್ಲವಾದರೆ ಕೊಂಡವರಲ್ಲಿ ಹತ್ತು ಜನಕ್ಕೆ ಫೋನ್ ಮಾಡಿ ಏಕೆ ಕೊಂಡಿರಿ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ನೀವು ಇಂಥ ಪರೀಕ್ಷೆ ಮಾಡುವುದಾದರೆ ಮೊದಲ ದಿನವೇ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದು ಗೋಡೆಗೆ ಅಂಟಿಸಿ: ಏನನ್ನು ಎಣಿಸುತ್ತೇವೆ, ಎಷ್ಟು ಜನ ಬರಬೇಕು, ಯಾವ ದಿನ ನಿಲ್ಲಿಸುತ್ತೇವೆ. ಆ ದಿನ ಬರುವವರೆಗೆ ಆರ್ಡರುಗಳನ್ನು ಪ್ಯಾಕ್ ಮಾಡಿ ಕಳಿಸುತ್ತಿರಿ, ಯಾವ ತಲೆಬರಹಕ್ಕೆ ಎಷ್ಟು ಬಂತೆಂದು ಮಾತ್ರ ನೋಡಬೇಡಿ.