ಬಣ್ಣಕ್ಕೆ ಮೊದಲು ತೂಕ

ಬಾಳ್ಳುಪೇಟೆ ದಾಟಿ ಸಕಲೇಶಪುರದ ಕಡೆ ಸ್ವಲ್ಪ ದೂರ ಬಂದರೆ ರಸ್ತೆ ಪಕ್ಕದಲ್ಲಿ ಒಂದು ವೆಲ್ಡಿಂಗ್ ಶೆಡ್ ಸಿಗುತ್ತದೆ. ಬೋರ್ಡಿನ ಮೇಲಿನ ಅಕ್ಷರ ಮಳೆಗೆ ಅಳಿಸಿಹೋಗಿ ವರ್ಷಗಳೇ ಆಗಿವೆ. ಮುಂದೆ ನಿಲ್ಲಿಸಿದ ಕೆಂಪು ಬಣ್ಣದ ಗೇಟುಗಳೇ ಅದರ ಗುರುತು. ಮೇ ತಿಂಗಳ ಒಂದು ಮಧ್ಯಾಹ್ನ, ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟುತ್ತಿದ್ದಾಗ ನಾನು ಅಲ್ಲಿ ಗಾಡಿ ನಿಲ್ಲಿಸಿದೆ. ಮನೆಗೆ ಹೊಸದಾಗಿ ಕಟ್ಟಿಸಿದ ಕೋಣೆಯ ಕಿಟಕಿಗೆ ಗ್ರಿಲ್ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಗ್ರಿಲ್ಲಿನ ದರ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕಿತ್ತು. ಮೂರು ಕಡೆ ವಿಚಾರಿಸಿದಾಗ ಒಬ್ಬರು ಕೆಜಿ ಲೆಕ್ಕ, ಒಬ್ಬರು ಚದರ ಅಡಿ ಲೆಕ್ಕ ಹೇಳಿದ್ದರು. ಇನ್ನೊಬ್ಬರು ಕಿಟಕಿಯ ಫೋಟೋ ನೋಡಿ ಒಟ್ಟು ಮೊತ್ತವನ್ನೇ ಹೇಳಿಬಿಟ್ಟಿದ್ದರು. ಯಾವುದು ಅಗ್ಗ ಎಂದು ಹೋಲಿಸಲು ನನಗೆ ಬರಲಿಲ್ಲ.

ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಎಡಗಡೆ ಗೋಡೆಗೆ ಬಡಿದ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಚೌಕ ಸರಳು, ಪಟ್ಟಿ, ಆಂಗಲ್, ಪೈಪು ಉದ್ದುದ್ದಕ್ಕೆ ಮಲಗಿವೆ. ಎಲ್ಲವೂ ಸುಮಾರು 20 ಅಡಿ. ಮಾಲೀಕರು ಐವತ್ತು ದಾಟಿದವರು. ಕಿವಿಯ ಮೇಲೆ ಬಳಪ ಸಿಕ್ಕಿಸಿಕೊಂಡಿದ್ದರು. ‘ಏನು ಸಾರ್, ಗೇಟಾ ಗ್ರಿಲ್ಲಾ?’ ಎಂದರು. ಕಿಟಕಿ ಅಂದೆ, ನಾಲ್ಕಡಿಗೆ ನಾಲ್ಕಡಿ. ‘ಹತ್ತು ಎಂಎಂ ಹಾಕ್ಲಾ, ಹನ್ನೆರಡಾ?’ ಎಂಬುದು ಅವರ ಎರಡನೇ ಪ್ರಶ್ನೆ. ಎರಡು ಎಂಎಂ ವ್ಯತ್ಯಾಸ ಅಷ್ಟು ದೊಡ್ಡ ಮಾತೇ ಎಂದು ನನಗೆ ಅನಿಸಿತು. ಎರಡೂ ಸರಳುಗಳ ತುಂಡನ್ನು ಒಂದೊಂದು ಕೈಗೆ ಕೊಟ್ಟರು. ಕಣ್ಣಿಗೆ ಅಷ್ಟಾಗಿ ಕಾಣದ ವ್ಯತ್ಯಾಸ ಕೈಗೆ ತಕ್ಷಣ ಗೊತ್ತಾಯಿತು.

ಅದಕ್ಕೆ ಕಾರಣ ಸರಳ. ತೂಕ ಬದಿಯ ಅಳತೆಯ ಜೊತೆ ನೇರವಾಗಿ ಏರುವುದಿಲ್ಲ, ಅದರ ವರ್ಗದ ಜೊತೆ ಏರುತ್ತದೆ. ಒಂದು ಘನ ಮೀಟರ್ ಉಕ್ಕಿನ ತೂಕ 7850 ಕೆಜಿ. ಹಾಗಾಗಿ ಚೌಕ ಸರಳಿನ ಬದಿಯನ್ನು ಎಂಎಂ ಲೆಕ್ಕದಲ್ಲಿ ಅದರಿಂದಲೇ ಗುಣಿಸಿ, ಮತ್ತೆ 0.00785ರಿಂದ ಗುಣಿಸಿದರೆ ಒಂದು ಮೀಟರಿನ ತೂಕ ಸಿಗುತ್ತದೆ. ಹತ್ತು ಎಂಎಂ ಸರಳು ಮೀಟರಿಗೆ 0.785 ಕೆಜಿ, ಹನ್ನೆರಡು ಎಂಎಂ ಸರಳು 1.13 ಕೆಜಿ. ಎರಡು ಎಂಎಂ ಹೆಚ್ಚಿಗೆ ಸುಮಾರು ಅರ್ಧದಷ್ಟು ತೂಕ ಹೆಚ್ಚು. ಇದರ ಉಲ್ಟಾ ಪರಿಣಾಮವೂ ಇದೆ. ಹನ್ನೆರಡು ಎಂದು ಕೊಟ್ಟ ಸರಳು ನಿಜವಾಗಿ ಹನ್ನೊಂದಿದ್ದರೆ ತೂಕ ನೂರಕ್ಕೆ ಹದಿನಾರು ಭಾಗ ಕಡಿಮೆಯಾಗುತ್ತದೆ. ಕೆಜಿ ಲೆಕ್ಕದಲ್ಲಿ ಕೊಂಡವನಿಗೆ ದುಡ್ಡು ಹೋಗುವುದಿಲ್ಲ, ಗಟ್ಟಿತನ ಹೋಗುತ್ತದೆ. ಅಡಿ ಲೆಕ್ಕದಲ್ಲಿ ಕೊಂಡವನಿಗೆ ಎರಡೂ ಹೋಗುತ್ತವೆ. ಮಾಲೀಕರ ಜೇಬಿನಲ್ಲಿದ್ದ ವರ್ನಿಯರ್ ತೆಗೆದು ಅಲ್ಲಿದ್ದ ಒಂದು ಸರಳನ್ನು ಅಳೆದು ನೋಡಿದೆ. ಸರಿಯಾಗಿಯೇ ಇತ್ತು. ‘ಎಲ್ಲ ಲೋಡೂ ಹಿಂಗೇ ಬರುತ್ತೆ ಅಂತ ಹೇಳೋಕಾಗಲ್ಲ’ ಎಂದು ಅವರೇ ನಕ್ಕರು.

ಪೈಪಿನ ವಿಷಯದಲ್ಲಿ ವರ್ನಿಯರ್ ಕೂಡ ಸೋಲುತ್ತದೆ. ನಲವತ್ತು ಎಂಎಂ ಚೌಕ ಪೈಪನ್ನು ಹೊರಗಿನಿಂದ ಎಷ್ಟು ಅಳೆದರೂ ನಲವತ್ತೇ. ಗೋಡೆಯ ದಪ್ಪ ಎರಡು ಎಂಎಂ ಇದೆಯೋ ಒಂದೂವರೆಯ ಆಸುಪಾಸಿದೆಯೋ ಎಂಬುದು ತುದಿ ತೆರೆದಿರುವಾಗ ಮಾತ್ರ ಕಾಣುತ್ತದೆ. ಗೇಟಾಗಿ ಬೆಸುಗೆ ಬಿದ್ದ ಮೇಲೆ ತಕ್ಕಡಿಯೊಂದೇ ಸಾಕ್ಷಿ. ಎರಡು ಎಂಎಂ ಗೋಡೆಯ 20 ಅಡಿ ಪೈಪು ಹದಿನಾಲ್ಕು ಕೆಜಿಯ ಸುತ್ತಮುತ್ತ ತೂಗುತ್ತದೆ, 1.6 ಎಂಎಂ ಗೋಡೆಯದು ಹನ್ನೊಂದೂವರೆ.

ಸ್ಟ್ಯಾಂಡಿನ ಪಕ್ಕದಲ್ಲಿ ತಗಡಿನ ಮೇಲೆ ಬಳಪದಿಂದ ನನ್ನ ಕಿಟಕಿ ಮೂಡಿತು. ಸುತ್ತ 25ಕ್ಕೆ 5 ಎಂಎಂ ಪಟ್ಟಿಯ ಚೌಕಟ್ಟು, ನಡುವೆ ಅದೇ ಪಟ್ಟಿಯ ಎರಡು ಅಡ್ಡ, ನಾಲ್ಕು ಇಂಚಿಗೊಂದರಂತೆ ಹನ್ನೊಂದು ನಿಂತ ಸರಳು. ನಾಲ್ಕಡಿ ಎಂದರೆ 1.2 ಮೀಟರ್. ಪಟ್ಟಿ ಎಲ್ಲ ಸೇರಿ 7.2 ಮೀಟರ್, ಸುಮಾರು ಏಳು ಕೆಜಿ. ಹತ್ತು ಎಂಎಂ ಸರಳು 13.2 ಮೀಟರ್, ಹತ್ತು ಕೆಜಿಗಿಂತ ತುಸು ಹೆಚ್ಚು. ಒಟ್ಟು ಹದಿನೇಳೂವರೆ ಕೆಜಿ. ಸರಳು ಹನ್ನೆರಡಾದರೆ ಇಪ್ಪತ್ತೆರಡು.

ಅಲ್ಲಿಂದ ಮುಂದೆ ಕಟಿಂಗ್ ಮಷೀನ್. ಹುಡುಗನೊಬ್ಬ ಸರಳು ಕೊಯ್ಯುತ್ತಿದ್ದ, ಕಿಡಿ ಅವನ ಚಪ್ಪಲಿಯ ಮೇಲೇ ಬೀಳುತ್ತಿತ್ತು. ಕಾಲಿಗೆ ಬೂಟು ಹಾಕಿಕೊಳ್ಳಬಾರದೇ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕು ಸುಮ್ಮನಾದ. ಕೊಯ್ದುಳಿದ ತುಂಡುಗಳ ರಾಶಿ ಪಕ್ಕದಲ್ಲಿತ್ತು. ನಾನು ಎಂದೂ ಯೋಚಿಸದ ಖರ್ಚು ಅಲ್ಲಿತ್ತು. ನನ್ನ ನಾಲ್ಕಡಿ ಕಿಟಕಿಗೆ ಒಂದು ಸರಳಿನಲ್ಲಿ ಸರಿಯಾಗಿ ಐದು ತುಂಡು ಬರುತ್ತವೆ. ಕಿಟಕಿ ನಾಲ್ಕಡಿ ಮೂರು ಇಂಚಾದರೆ ನಾಲ್ಕೇ ಬರುತ್ತವೆ, ಮೂರಡಿ ಉಳಿಯುತ್ತದೆ. ಆ ಮೂರಡಿ ವೆಂಟಿಲೇಟರಿಗೆ ಬಂದರೆ ಅಂಗಡಿಯವರ ಅದೃಷ್ಟ, ಇಲ್ಲದಿದ್ದರೆ ಗುಜರಿ. ಗಾರೆಯವನು ಕಿಟಕಿಯನ್ನು ಮೂರು ಇಂಚು ದೊಡ್ಡದು ಬಿಟ್ಟರೆ ಗ್ರಿಲ್ಲಿನ ಬೆಲೆ ಮೂರು ಇಂಚಿನಷ್ಟೇ ಏರಬೇಕಿಲ್ಲ ಎಂಬುದು ನನಗೆ ಆ ರಾಶಿಯ ಮುಂದೆ ನಿಂತಾಗ ಅರ್ಥವಾಯಿತು.

ನಡುವಿನಲ್ಲಿ ಬೆಸುಗೆಯ ಜಾಗ. ಬೆಳಕು ನೋಡಬೇಡಿ ಎಂದು ನನ್ನನ್ನು ಹಿಂದೆ ಸರಿಸಿದರು. ಶಬ್ದವನ್ನು ಮಾತ್ರ ಕೇಳುತ್ತ ನಿಂತೆ. ಮೊದಲು ಎಲ್ಲ ಜಾಗಕ್ಕೂ ಚುಕ್ಕಿ ಇಟ್ಟಂತೆ ಟ್ಯಾಕ್ ಹೊಡೆದು, ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಎರಡೂ ಕರ್ಣ ಸಮ ಬಂದ ಮೇಲೆ ಪೂರ್ತಿ ಬೆಸುಗೆ. ನನ್ನ ಗ್ರಿಲ್ಲಿಗೆ ಎಷ್ಟು ಬೆಸುಗೆ ಎಂದು ಎಣಿಸಿ ನೋಡಿದೆ. ಸರಳಿನ ತುದಿಗಳಲ್ಲಿ 22, ಅಡ್ಡಪಟ್ಟಿ ಹಾಯುವಲ್ಲಿ 22, ಮೂಲೆ ಮತ್ತು ಅಡ್ಡದ ತುದಿ ಸೇರಿ ಎಂಟು. ಒಟ್ಟು 52. ರಾಡ್ ಹತ್ತು ಹನ್ನೆರಡು ಬೇಕಾದೀತು. ಸರಳು ಹತ್ತಾಗಲಿ ಹನ್ನೆರಡಾಗಲಿ ಬೆಸುಗೆ 52ಕ್ಕಿಂತ ಹೆಚ್ಚುವುದಿಲ್ಲ, ಕೆಲಸದವರ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕೂಲಿಯನ್ನು ಕೆಜಿಗೆ ಇಷ್ಟು ಎಂದು ಹಿಡಿದರೆ ದಪ್ಪ ಸರಳಿಗೆ ಕೂಲಿ ತಾನಾಗಿಯೇ ಏರುತ್ತದೆ. ಬಳ್ಳಿ, ಹೂವು, ಸುರುಳಿ ಇಟ್ಟ ಗ್ರಿಲ್ಲಿನದು ಇದಕ್ಕೆ ವಿರುದ್ಧ. ತೂಕ ಕಡಿಮೆ, ಬೆಸುಗೆ ನೂರಾರು. ಅಂಥದ್ದಕ್ಕೆ ಕೆಜಿ ದರ ಜಾಸ್ತಿ ಕೇಳಿದರೆ ಅದು ಮೋಸವಲ್ಲ.

ಅಲ್ಲೇ ನಿಂತು ಮಾಲೀಕರ ಜೊತೆ ಲೆಕ್ಕ ಬಿಡಿಸಿದೆ. ಕಬ್ಬಿಣದ ದರ ವಾರಕ್ಕೊಮ್ಮೆ ಬದಲಾಗುತ್ತದೆ, ಆದ್ದರಿಂದ ಕೆಳಗಿನ ಅಂಕಿ ಅವತ್ತು ಆ ಶೆಡ್ಡಿನದು ಮಾತ್ರ. ಹತ್ತು ಎಂಎಂ ಗ್ರಿಲ್ಲಿಗೆ ಕೆಜಿಗೆ 66 ರೂಪಾಯಿಯಂತೆ ಕಬ್ಬಿಣ 1155, ಕೊಯ್ದು ಹೋಗುವುದಕ್ಕೆ 60, ರಾಡ್, ಚಕ್ರ, ಕರೆಂಟಿಗೆ 110, ಕೂಲಿ ಮತ್ತು ಅಂಗಡಿಯ ಲಾಭ ಸೇರಿ 525, ಬಣ್ಣಕ್ಕೆ 350. ಒಟ್ಟು 2200, ಅಂದರೆ ಕೆಜಿಗೆ 125ರ ಸುತ್ತ. ಈಗ ಹನ್ನೆರಡು ಎಂಎಂ ಹಾಕಿ. ಕಬ್ಬಿಣ 1452 ಆಗುತ್ತದೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇರುತ್ತದೆ. 2540 ದಾಟುವುದಿಲ್ಲ. ಅದನ್ನೇ ಕೆಜಿಗೆ 125ರಂತೆ ಹಿಡಿದರೆ 2750. ‘ಈ ಇನ್ನೂರು ಯಾರಿಗಣ್ಣ?’ ಎಂದೆ. ‘ನೀವು ಕೇಳಿದ್ರೆ ನಿಮಗೆ, ಕೇಳದೆ ಇದ್ರೆ ನಮಗೆ’ ಎಂದರು. ಇಷ್ಟು ನೇರ ಉತ್ತರ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಶೆಡ್ಡಿನ ಹಿಂಭಾಗದಲ್ಲಿ ಬಣ್ಣದ ಮೂಲೆ. ಬೆಸುಗೆ ಮುಗಿದ ಎರಡು ಗ್ರಿಲ್ ಗೋಡೆಗೆ ಒರಗಿದ್ದವು, ಒಂದಕ್ಕೆ ರೆಡ್ ಆಕ್ಸೈಡ್ ಬಿದ್ದಿತ್ತು, ಇನ್ನೊಂದು ಬರಿಮೈ. ಬರಿಮೈ ಗ್ರಿಲ್ಲಿನ ಬೆಸುಗೆಗಳ ಮೇಲೆ ಬೆರಳಾಡಿಸಿದೆ. ಕೆಲವು ಕಡೆ ಕರಿ ಗಾಜಿನಂಥ ಚೂರು ಅಂಟಿಕೊಂಡಿತ್ತು, ಸುತ್ತ ಸಣ್ಣ ಸಣ್ಣ ಗುಂಡುಗಳು. ಸುತ್ತಿಗೆಯಿಂದ ತಟ್ಟಿದರೆ ಚೂರು ಉದುರುತ್ತದೆ, ಗುಂಡನ್ನು ಗ್ರೈಂಡರಿನಲ್ಲಿ ತೆಗೆಯಬೇಕು. ಹಾಗೇ ಬಿಟ್ಟು ಬಣ್ಣ ಬಳಿದರೆ ಬಣ್ಣ ಕೂರುವುದು ಕಬ್ಬಿಣದ ಮೇಲಲ್ಲ, ಆ ಚೂರಿನ ಮೇಲೆ. ಚೂರು ಬಿದ್ದ ದಿನ ಬಣ್ಣವೂ ಬೀಳುತ್ತದೆ. ನನ್ನ ಮನೆಯ ಹಳೆಯ ಗೇಟಿನಲ್ಲಿ ಎರಡನೇ ಮಳೆಗಾಲಕ್ಕೇ ಪ್ರತಿ ಬೆಸುಗೆಯಿಂದ ಕಂದು ನೀರು ಕಣ್ಣೀರಿನಂತೆ ಇಳಿದಿದ್ದು ಯಾಕೆಂದು ಅವತ್ತು ತಿಳಿಯಿತು. ಪೈಪಿನ ಮಧ್ಯದಲ್ಲಿ ಬಣ್ಣ ಹೊಸದರಂತಿತ್ತು. ಹೋಗಿದ್ದು ಗಂಟುಗಳಲ್ಲಿ ಮಾತ್ರ. ಮಾಡಿಕೊಟ್ಟವರು ಬಣ್ಣದ ಕಂಪನಿಯನ್ನು ದೂರಿದ್ದರು, ನಾನೂ ನಂಬಿದ್ದೆ.

ಬಣ್ಣಕ್ಕೂ ತೂಕಕ್ಕೂ ಸಂಬಂಧವಿಲ್ಲ, ಮೈಗೆ ಸಂಬಂಧ. ನನ್ನ ಹದಿನೇಳೂವರೆ ಕೆಜಿಯ ಗ್ರಿಲ್ಲಿನ ಸರಳು ಪಟ್ಟಿಗಳ ಎಲ್ಲ ಮುಖ ಬಿಚ್ಚಿ ಹಾಸಿದರೆ ಸುಮಾರು ಒಂದು ಚದರ ಮೀಟರ್. ಹನ್ನೆರಡು ಎಂಎಂ ಹಾಕಿದರೂ ಅದು ಹೆಚ್ಚುವುದು ಹತ್ತರಲ್ಲೊಂದು ಪಾಲು ಮಾತ್ರ. ಸಪಾಟು ತಗಡಿನ ಮೇಲೆ ಒಂದು ಲೀಟರ್ ಪ್ರೈಮರ್ ಒಂದು ಕೋಟ್‌ಗೆ ಹತ್ತು ಚದರ ಮೀಟರ್ ಬರುತ್ತದೆ, ಸರಳಿನ ಮೇಲೆ ಅರ್ಧ ತೊಟ್ಟಿಕ್ಕಿ ನೆಲಕ್ಕೆ ಹೋಗುತ್ತದೆ ಎಂದರು ಬಣ್ಣ ಬಳಿಯುವ ಹಿರಿಯರು. ಹಾಗೆ ಹಿಡಿದರೂ ಇನ್ನೊಂದು ಕೋಟ್ ಎಂದರೆ 200 ಮಿಲಿ. ಅದರ ಬೆಲೆಗಿಂತ ಒಣಗಲು ಬೇಕಾದ ಒಂದು ದಿನವೇ ದುಬಾರಿ. ಜೂನ್ ಬಂದು ಜಡಿಮಳೆ ಹಿಡಿದರೆ ಇಲ್ಲಿ ಆ ಒಂದು ದಿನ ಸಿಗುವುದೇ ಕಷ್ಟ. ಒದ್ದೆ ಕಬ್ಬಿಣಕ್ಕೆ ಬಳಿದ ಪ್ರೈಮರ್ ಕೆಳಗೆ ತುಕ್ಕು ತಣ್ಣಗೆ ಬೆಳೆಯುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಇಂಥ ಶೆಡ್ಡುಗಳ ಮುಂದೆ ಸರದಿ.

ತಕ್ಕಡಿ ಬಾಗಿಲ ಬಳಿ ಇತ್ತು. ಬಣ್ಣದ ಮೊದಲು ತೂಗುತ್ತೀರೋ ಆಮೇಲೋ ಎಂದು ಕೇಳಿದೆ. ಬಣ್ಣ ಒಣಗಿದ ಮೇಲೆ ಏರುವುದು ಅರ್ಧ ಕೆಜಿಯೂ ಇಲ್ಲ, ಅದರಲ್ಲಿ ಜಗಳವೇನಿಲ್ಲ ಎಂದರು. ಆದರೂ ಬಣ್ಣಕ್ಕೆ ಮೊದಲೇ ಬಂದು ತೂಗಿಸಿ ಎಂದೂ ಅವರೇ ಹೇಳಿದರು. ತೂಕ ನೋಡಲು ಬಂದವನು ಬೆಸುಗೆಯನ್ನೂ ನೋಡುತ್ತಾನೆ. ಸರಳಿನ ಒಂದೇ ಬದಿಗೆ ಚುಕ್ಕಿ ಹೊಡೆದು ಬಿಟ್ಟಿದ್ದರೆ ಕಾಣುತ್ತದೆ. ಕೆಂಪು ಬಳಿದ ಮೇಲೆ ಚುಕ್ಕಿಯೂ ಪೂರ್ತಿ ಬೆಸುಗೆಯೂ ಒಂದೇ.

ಹೊರಗೆ ಬರುವಾಗ ತೋಟದ ದೊಡ್ಡ ಗೇಟೊಂದು ರಿಪೇರಿಗೆ ಬಂದು ನಿಂತಿತ್ತು, ನಡುವಿನಲ್ಲಿ ಒಳಕ್ಕೆ ಬಾಗಿ. ಆನೆಯೇ ಎಂದೆ. ‘ಮತ್ತಿನ್ಯಾರು’ ಎಂದರು. ಇದಕ್ಕಿಂತ ದಪ್ಪ ಪೈಪು ಹಾಕಿದರೆ ತಡೆಯುತ್ತದೆಯೇ ಎಂದು ಕೇಳಿದೆ. ‘ಗೇಟು ತಡೆದ್ರೆ ಕಂಬ ಕಿತ್ಕೊಂಡು ಬರುತ್ತೆ ಸಾರ್. ಅದಕ್ಕಿಂತ ಗೇಟು ಬಾಗೋದೇ ಅಗ್ಗ.’

ಕಿಟಕಿಯ ಅಳತೆ ಬರೆದುಕೊಳ್ಳಲು ಬಳಪ ಕಿವಿಯಿಂದ ಇಳಿಯಿತು. ಹನ್ನೆರಡು ಎಂಎಂ ಎಂದೆ. ಪ್ರೈಮರ್ ಎರಡು ಕೋಟ್, ಮೊದಲು ಗ್ರೈಂಡರ್, 2540 ಎಂದೂ ಸೇರಿಸಿದೆ. 2600 ಎಂದು ಬರೆದರು. ಗಾಡಿಬಾಡಿಗೆ ಸೇರಿಸಿಯೇ ಎಂದೆ. ಸ್ವಲ್ಪ ಹೊತ್ತು ಮೋಡ ನೋಡಿ, ಆಯಿತು ಎಂದು ತಲೆಯಾಡಿಸಿದರು. ಗುರುವಾರ ತೂಕ ನೋಡಲು ಬರಬೇಕು.