ಐದಕ್ಷರದ ತಂಡ

ಕಾಲೇಜು ರಸಪ್ರಶ್ನೆಯ ಸ್ಕೋರ್‌ಬೋರ್ಡ್ ಹೆಚ್ಚಿನ ಕಡೆ ಒಂದು ಎಕ್ಸೆಲ್ ಹಾಳೆ ಅಷ್ಟೆ. ಎಡಗಡೆ ತಂಡದ ಹೆಸರು, ಅದರ ಪಕ್ಕದಲ್ಲೇ ಅಂಕ. ಅಗಲ ಬದಲಿಸದೆ ಬಿಟ್ಟರೆ ಅದರ ಒಂದು ಕಾಲಂನಲ್ಲಿ ಎಂಟು ಅಂಕಿಗಳಷ್ಟೇ ಜಾಗ. ಪಕ್ಕದ ಚೌಕ ಖಾಲಿ ಇರುವವರೆಗೆ ಉದ್ದದ ಹೆಸರು ಅದರೊಳಕ್ಕೂ ಚಾಚಿಕೊಂಡು ಪೂರ್ತಿ ಕಾಣುತ್ತದೆ. ಅಲ್ಲಿ ಮೊದಲ ಅಂಕ ಬಿದ್ದ ಕ್ಷಣವೇ ಬಾಲ ಕತ್ತರಿಸಿಹೋಗುತ್ತದೆ. ‘ಸೋತರೂ ಗೆಲ್ಲುವವರು’ ಎಂದು ಹೆಸರಿಟ್ಟುಕೊಂಡ ತಂಡಕ್ಕೆ ‘ಸೋತರೂ’ ಮಾತ್ರ ಉಳಿದರೆ, ಮುನ್ನಡೆಯಲ್ಲಿದ್ದಾಗಲೂ ಸಭೆ ಅದನ್ನೇ ಓದಬೇಕು.

ಆದ್ದರಿಂದ ಹೆಸರು ಹುಡುಕುವವರು ಜಾಗದ ಲೆಕ್ಕದಿಂದಲೇ ಶುರುಮಾಡುವುದು ಒಳ್ಳೆಯದು. ಕನ್ನಡದ ಅಕ್ಷರ ಅಂಕಿಗಿಂತ ಅಗಲ. ಎಂಟು ಅಂಕಿಯ ಜಾಗದಲ್ಲಿ ಐದು ಅಕ್ಷರ ನೆಮ್ಮದಿಯಾಗಿ ಕೂತರೆ ಅದೇ ಹೆಚ್ಚು. ಒತ್ತಕ್ಷರಗಳ ಸಮಸ್ಯೆ ಬೇರೆ. ಅವು ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿನ ಎತ್ತರ ಕಡಿಮೆಯಾದರೆ ಒತ್ತು ಅರ್ಧ ಮರೆಯಾಗಿ, ಹಿಂದಿನ ಬೆಂಚಿನವರಿಗೆ ಬೇರೆಯೇ ಪದ ಕಾಣಬಹುದು. ಹೆಸರಿನಲ್ಲಿ ಅಂಕಿಯೂ ಬೇಡ. ‘ತ್ರಿಮೂರ್ತಿ 3’ ಎಂಬುದರ ಪಕ್ಕದಲ್ಲಿ 40 ಇದ್ದರೆ ದೂರದಿಂದ ಓದುವವರಿಗೆ ಅದು 340.

ಜಾಗದ ಮಿತಿ ಹೀಗೆ ಗೊತ್ತಾದ ಮೇಲೆ ಚಮತ್ಕಾರದ ಸರದಿ. ಅದಕ್ಕೆ ಹೆಚ್ಚು ಪದ ಬೇಕಿಲ್ಲ, ಇರುವ ಪದದೊಳಗೇ ಎರಡನೆಯ ಅರ್ಥ ಸಿಕ್ಕರೆ ಸಾಕು. ಬೆಂಗಳೂರಿನಲ್ಲಿ 1983ರಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ತನ್ನ ವಾರ್ಷಿಕ ಸ್ಪರ್ಧೆಗೆ ಇಟ್ಟ ಹೆಸರು ASKQANCE. ಓರೆನೋಟ ಎಂಬರ್ಥದ ಇಂಗ್ಲಿಷ್ ಪದದ ನಡುವೆ ಒಂದು ಅಕ್ಷರ ಸೇರಿಸಿದ್ದಾರೆ. ಪದದ ಆರಂಭದಲ್ಲಿ ‘ಕೇಳು’ ಎಂಬುದಿದೆ, ಹೊಟ್ಟೆಯಲ್ಲಿ ಸಂಸ್ಥೆಯ ಮೂರಕ್ಷರಗಳಿವೆ.

ಕನ್ನಡದಲ್ಲಿ ಇಂಥ ಹೆಸರು ಹುಡುಕಲು ‘ಉತ್ತರ’ ಎಂಬ ಪದವನ್ನೇ ಹಿಡಿದು ನೋಡೋಣ. ಮೊದಲು ನೆನಪಾಗುವವನು ವಿರಾಟನ ಮಗ ಉತ್ತರಕುಮಾರ. ಅಂತಃಪುರದ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದವನು. ಪ್ರಶ್ನೆಗೆ ಉತ್ತರಿಸಲು ಕೂತವರು ತಮ್ಮನ್ನು ತಾವೇ ಹೀಗೆ ಕರೆದುಕೊಂಡರೆ ಯಾರಿಗೂ ನೋವಿಲ್ಲ, ಎಲ್ಲರಿಗೂ ನಗು. ಆದರೆ ‘ಉತ್ತರಕುಮಾರರು’ ಎಂದರೆ ಏಳು ಅಕ್ಷರ, ಕಾಲಂ ಮೀರುತ್ತದೆ. ತಂಡದಲ್ಲಿ ಹುಡುಗಿಯೊಬ್ಬಳಿದ್ದರೆ ಹೆಸರು ಅವಳನ್ನು ಹೊರಗಿಟ್ಟಂತೆಯೂ ಆಗುತ್ತದೆ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯಿಂದ ‘ಒಲೆ ಮುಂದೆ’ ಎಂದು ಆರಿಸಿಕೊಳ್ಳಬಹುದು. ನಾಲ್ಕೇ ಅಕ್ಷರ, ಒತ್ತೂ ಇಲ್ಲ. ಬರಹದಲ್ಲಿ ಇಷ್ಟು ಚೊಕ್ಕವಾದ ಹೆಸರು ಬಾಯಲ್ಲಿ ಕೈಕೊಡುತ್ತದೆ. ಕ್ವಿಜ್ ಮಾಸ್ಟರ್ ‘ಮುಂದೆ’ ಎಂದಾಗಲೆಲ್ಲ, ಪ್ರಶ್ನೆ ಪಾಸ್ ಆಯಿತೋ ಈ ತಂಡವನ್ನು ಕರೆದರೋ ತಿಳಿಯುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ ಗಾದೆಯ ಒಲೆ ಹೆಂಗಸರಿರುವ ಜಾಗದ ಗುರುತು. ಆ ಹೆಸರು ಹುಡುಗಿಯರ ತಂಡದ ಪಾಲಿಗೆ ಬಂದರೆ ಅಡುಗೆಮನೆಯ ಕುಹಕವಾಗಿಬಿಡುತ್ತದೆ. ಹೆಸರು ಯಾರನ್ನೂ ನೋಯಿಸುವುದಿಲ್ಲವೇ ಎಂದು ತಿಳಿಯಲು ಇದೇ ಉಪಾಯ: ಅದನ್ನು ಬೇರೆ ಬೇರೆಯವರ ಬೆನ್ನಿಗೆ ಕಟ್ಟಿ ನೋಡಬೇಕು. ಯಾರಾದರೊಬ್ಬರ ಮೇಲೆ ಕೂತಾಗ ಅದು ಬೈಗುಳದಂತೆ ಕೇಳಿದರೆ ಕೈಬಿಡಬೇಕು. ಜಾತಿ, ಊರು, ಮೈಬಣ್ಣ, ಮೇಷ್ಟರ ಅಡ್ಡಹೆಸರು ಇವೆಲ್ಲ ಈ ಪರೀಕ್ಷೆಯಲ್ಲಿ ತಾವಾಗಿಯೇ ಬಿದ್ದುಹೋಗುತ್ತವೆ.

ಬರೀ ‘ಉತ್ತರ’ ಎಂದಿಟ್ಟರೆ? ‘ಉತ್ತರದ ಉತ್ತರ ತಪ್ಪು’ ಎಂದು ಹೇಳಿ ಹೇಳಿ ನಡೆಸುವವರಿಗೂ ಕೇಳುವವರಿಗೂ ಗೊಂದಲ.

ಹೀಗೆ ಒಂದೊಂದನ್ನೇ ತಳ್ಳುತ್ತ ಬಂದಾಗ ನನ್ನ ಮನಸ್ಸು ನಿಂತದ್ದು ‘ಉತ್ತರಾಯಣ’ದ ಮೇಲೆ. ಉ, ತ್ತ, ರಾ, ಯ, ಣ: ಐದು ಅಕ್ಷರ, ಒಂದೇ ಒತ್ತು. ಸಂಕ್ರಾಂತಿಯ ಹೊತ್ತಿನ ಸೂರ್ಯನ ಪಯಣವೂ ಹೌದು, ಉತ್ತರ ಹುಡುಕುವವರ ಪಯಣವೂ ಹೌದು. ಕೊನೆಯ ಎರಡಕ್ಷರ ಇರುವುದರಿಂದ ಕಿವಿಗೆ ‘ಉತ್ತರ’ದೊಡನೆ ಬೆರೆಯುವುದಿಲ್ಲ. ಬಾಲ ಕತ್ತರಿಸಿದರೂ ಮೊದಲ ಭಾಗದಲ್ಲಿ ಅರ್ಥ ಉಳಿಯುತ್ತದೆ. ಆಟ ಸಾಗಿದಂತೆ ಹೆಸರೂ ಬೆಳೆಯುತ್ತದೆ: ಅಂಕ ಇಳಿಯತೊಡಗಿದರೆ ‘ಇನ್ನು ದಕ್ಷಿಣಾಯನ’ ಎಂದು ಯಾರಾದರೂ ಸಭೆಯಿಂದ ಕೂಗದೆ ಇರುವುದಿಲ್ಲ. ಒಂದು ಸಂಜೆಯಲ್ಲಿ ಹತ್ತಾರು ಸಲ ಕರೆಸಿಕೊಳ್ಳುವ ಹೆಸರಿಗೆ ಈ ಗುಣ ಬೇಕು. ಮೊದಲ ಸಲ ನಗಿಸಿ ಮುಗಿಯುವ ಜೋಕು ಐದನೆಯ ಸಲಕ್ಕೆ ಸಪ್ಪೆ.

ಆದರೆ ಬೋರ್ಡಿನಲ್ಲಿ ಇಂಗ್ಲಿಷ್ ಲಿಪಿ ಮಾತ್ರ ಬರುವುದಾದರೆ ಲೆಕ್ಕ ಬದಲಾಗುತ್ತದೆ. UTTARAYANA ಎಂದರೆ ಹತ್ತು ಅಕ್ಷರ, ಎಂಟರ ಕಾಲಂಗೆ ಹಿಡಿಸದು. ನೋಂದಣಿಯ ದಿನವೇ ಯಾವ ಲಿಪಿ ಎಂದು ಕೇಳಿಕೊಂಡು, ಪೂರ್ಣ ಹೆಸರಿನ ಜತೆ ಬೋರ್ಡಿಗೆ ಬೇಕಾದ ಚಿಕ್ಕ ರೂಪವನ್ನೂ ತಂಡವೇ ಬರೆದುಕೊಡಬೇಕು. ಇಲ್ಲದಿದ್ದರೆ ಎಲ್ಲಿ ಕತ್ತರಿಸಬೇಕೆಂದು ತೀರ್ಮಾನಿಸುವುದು ಕಂಪ್ಯೂಟರಿನ ಮುಂದೆ ಅವಸರದಲ್ಲಿ ಕೂತ ಸ್ವಯಂಸೇವಕ.