ಹಸಿರು ಕಣ್ಣಿನಲ್ಲಿ ಹಸಿರು ಬಣ್ಣವಿಲ್ಲ

ಕೆಂಪು ಹೊದಿಕೆ ಹೊದ್ದು, ಹಸಿರು ಕಣ್ಣುಗಳಿಂದ ನೇರವಾಗಿ ದಿಟ್ಟಿಸುವ ಅಫ್ಘನ್ ಹುಡುಗಿಯ ಚಿತ್ರವನ್ನು ನೋಡದವರು ಕಡಿಮೆ. ಸ್ಟೀವ್ ಮೆಕರಿ 1984ರಲ್ಲಿ ಪಾಕಿಸ್ತಾನದ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಆ ಫೋಟೊ 1985ರ ಜೂನ್‌ನಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಮುಖಪುಟಕ್ಕೆ ಬಂತು. ಹುಡುಗಿಯ ಹೆಸರು ಶರಬತ್ ಗುಲಾ ಎಂದು ತಿಳಿದದ್ದು 2002ರಲ್ಲಿ. ಹುಡುಕಿ ತಂದ ಮಹಿಳೆ ಅವಳೇ ಹೌದೇ ಎಂದು ಖಚಿತಪಡಿಸಿಕೊಳ್ಳಲು ಕೇಂಬ್ರಿಡ್ಜ್‌ನ ಜಾನ್ ಡಾಗ್‌ಮನ್ ಎರಡೂ ಕಾಲದ ಫೋಟೊಗಳಲ್ಲಿನ ಕಣ್ಣುಗಳನ್ನು ಹೋಲಿಸಿದರು. ಜಗತ್ತೇ ಕೊಂಡಾಡಿದ ಆ ಹಸಿರು ಅವರ ಲೆಕ್ಕಕ್ಕೇ ಬರಲಿಲ್ಲ. ಅವರ ವಿಧಾನ ನೋಡುವುದು ಕಣ್ಣಿನ ಎಳೆಗಳ ವಿನ್ಯಾಸವನ್ನು ಮಾತ್ರ.

ಬಣ್ಣವನ್ನು ನಂಬದಿರಲು ಕಾರಣವಿದೆ. ಪಾಪೆಯ ಸುತ್ತ ಬಳೆಯಂತಿರುವ ಭಾಗವೇ ಐರಿಸ್. ಅದರ ಹಿಂಬದಿಯಲ್ಲಿ ಎರಡು ಸಾಲು ಜೀವಕೋಶಗಳ ಕಡುಗಪ್ಪು ಪದರವಿದೆ. ಬೆಕ್ಕಿನ ಕಣ್ಣಿನವರಿಗೂ ಅದು ಕಪ್ಪೇ. ಮುಂದೆ ಇರುವುದು ಕೊಲಾಜನ್ ಎಂಬ ಸೂಕ್ಷ್ಮ ನಾರುಗಳ ಸಡಿಲ ಜಾಲ. ಈ ಜಾಲದಲ್ಲಿ ಮೆಲನಿನ್ ಎಷ್ಟಿದೆ ಎಂಬುದರ ಮೇಲೆ ಕಣ್ಣಿನ ಬಣ್ಣ ನಿಂತಿದೆ. ಬಹಳ ಇದ್ದರೆ ಬೆಳಕನ್ನೆಲ್ಲ ಅದೇ ಹೀರಿಕೊಳ್ಳುತ್ತದೆ, ಕಣ್ಣು ಕಂದು. ತೀರಾ ಕಡಿಮೆ ಇದ್ದರೆ ಬೆಳಕು ನಾರುಗಳ ನಡುವೆ ನುಗ್ಗುತ್ತದೆ. ನಾರುಗಳು ಬೆಳಕಿನ ತರಂಗಕ್ಕಿಂತ ಸಣ್ಣವಾದ್ದರಿಂದ ಕೆಂಪಿಗಿಂತ ನೀಲಿಯನ್ನು ಹೆಚ್ಚು ಚದುರಿಸಿ ಹೊರಗೆ ಕಳಿಸುತ್ತವೆ. ಉಳಿದ ಬೆಳಕು ಹಿಂದಿನ ಕಪ್ಪು ಪದರದಲ್ಲಿ ಇಂಗಿಹೋಗುತ್ತದೆ. ಒಂದೆರಡು ಹನಿ ಹಾಲು ಬೆರೆಸಿದ ನೀರನ್ನು ಗಾಜಿನ ಲೋಟದಲ್ಲಿಟ್ಟು, ಹಿಂದೆ ಕಪ್ಪು ಬಟ್ಟೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟರೆ ಇದೇ ನೀಲಿ ಛಾಯೆ ಕಾಣುತ್ತದೆ. ಇನ್ನು ಹಸಿರು ಅಂದರೆ, ಹೀಗೆ ಚದುರಿದ ನೀಲಿಗೆ ತೆಳುವಾದ ಹಳದಿಗಂದು ಮೆಲನಿನ್ ಸೇರಿದ್ದು, ಅಷ್ಟೇ.

ಅಂದಮೇಲೆ ತಿಳಿಗಣ್ಣಿನ ಬಣ್ಣ ಬೆಳಕು ಬಿದ್ದಂತೆ ಬದಲಾಗಲೇಬೇಕು. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿಯೇ ಕಡಿಮೆ, ಚದುರಿಸಲು ಹೆಚ್ಚೇನೂ ಇಲ್ಲ, ಕಣ್ಣು ಬೂದಿಯಾಗಿ ಕಾಣುತ್ತದೆ. ಮಂದ ಬೆಳಕಿನಲ್ಲಿ ಪಾಪೆ ಹಿಗ್ಗಿದಾಗ ಐರಿಸ್ ಕಿರಿದಾದ ಪಟ್ಟಿಯಾಗಿ ಒತ್ತಿಕೊಂಡು ಗಾಢವಾಗುತ್ತದೆ. ಬಿಸಿಲಿನಲ್ಲಿ ಪಾಪೆ ಕುಗ್ಗಿ ಐರಿಸ್ ಅಗಲವಾಗಿ ಹರಡಿದಾಗ ತಿಳಿಯಾಗುತ್ತದೆ. ಇದರ ಮೇಲೆ ಕ್ಯಾಮೆರಾ ತನ್ನ ಕೈಚಳಕ ತೋರಿಸುತ್ತದೆ. ಮೆಕರಿ ಬಳಸಿದ ಕೊಡಾಕ್ರೋಮ್ ಫಿಲ್ಮ್ ಗಾಢ ಬಣ್ಣಗಳಿಗೆ ಹೆಸರಾದದ್ದು. ಅದರ ಮೇಲೆ ಮುದ್ರಣದ ಶಾಯಿ ಬೇರೆ. ಇಂದಿನ ಫೋನಾದರೆ ಬೆಳಕಿನ ಬಣ್ಣವನ್ನು ತಾನೇ ಊಹಿಸಿ ಚಿತ್ರವನ್ನು ತಿದ್ದುತ್ತದೆ. ಊಹೆ ತಪ್ಪಿದ್ದು ಗೊತ್ತಾಗಬೇಕಾದರೆ ಕೆನ್ನೆಯ ಪಕ್ಕ ಬಿಳಿ ಹಾಳೆ ಹಿಡಿದು ಫೋಟೊ ತೆಗೆಯಿರಿ. ಹಾಳೆ ಹಳದಿಗೋ ನೀಲಿಗೋ ತಿರುಗಿದ್ದರೆ ಕಣ್ಣಿನ ಬಣ್ಣವೂ ಅಷ್ಟೇ ತಿರುಗಿದೆ. ಹಾಳೆಯನ್ನು ಬೆಳ್ಳಗೆ ಮಾಡಿದರೂ ಪಾಪೆಯ ಗಾತ್ರ, ಬೆಳಕಿನ ದಿಕ್ಕು ಮಾತ್ರ ಸರಿಹೋಗುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರ ತೊಂದರೆ ಇದಕ್ಕೆ ತದ್ವಿರುದ್ಧ. ಕಣ್ಣು ಕಂದಾದರೂ ಫೋಟೊದಲ್ಲಿ ಪಾಪೆ ಯಾವುದು, ಐರಿಸ್ ಯಾವುದು ತಿಳಿಯದಷ್ಟು ಕಪ್ಪು. ಕ್ಯಾಮೆರಾ ಬೆಳಕಿನ ಮಟ್ಟವನ್ನು ಮುಖಕ್ಕೆ ಹೊಂದಿಸುತ್ತದೆ, ಅಷ್ಟರಲ್ಲಿ ಐರಿಸ್‌ನಿಂದ ಮರಳುವ ಅಲ್ಪ ಬೆಳಕು ಕತ್ತಲಲ್ಲಿ ಮುಳುಗಿಹೋಗುತ್ತದೆ. ಕಾರ್ನಿಯಾ ಕನ್ನಡಿಯಂತೆ ಆಕಾಶವನ್ನೋ ಟ್ಯೂಬ್‌ಲೈಟನ್ನೋ ಪ್ರತಿಬಿಂಬಿಸಿ ಇದ್ದ ಕಂದನ್ನೂ ಮುಚ್ಚುತ್ತದೆ. ಕಿಟಕಿಯನ್ನು ಪಕ್ಕಕ್ಕೆ ಬರುವಂತೆ ನಿಂತು ಹತ್ತಿರದಿಂದ ತೆಗೆದರೆ ಬೆಳಕು ಕಾರ್ನಿಯಾದೊಳಗೆ ಓರೆಯಾಗಿ ಹೊಕ್ಕು ಐರಿಸ್‌ನ ಆಚೆ ಬದಿಯನ್ನು ಬೆಳಗುತ್ತದೆ. ಆಗ ಕಪ್ಪೆಂದುಕೊಂಡ ಕಣ್ಣಲ್ಲಿ ಜೇನಿನ ಬಣ್ಣ, ಪಾಪೆಯಿಂದ ಹೊರಕ್ಕೆ ಹೋಗುವ ಗೆರೆಗಳು, ಅಲ್ಲಲ್ಲಿ ಸಣ್ಣ ಗುಳಿಗಳು ಕಾಣುತ್ತವೆ.

ಶರಬತ್ ಗುಲಾ ಅವರ ಕಣ್ಣು ತಿಳಿಯಾಗಿದ್ದರಿಂದಲೇ ಮಾಮೂಲಿ ಫೋಟೊದಲ್ಲೂ ಈ ಗೆರೆಗಳು ಸಿಕ್ಕವು. ಕಡುಗಂದು ಕಣ್ಣಾಗಿದ್ದರೆ ಡಾಗ್‌ಮನ್ ಕೆಲಸ ಕಷ್ಟವಾಗುತ್ತಿತ್ತು. ಆಧಾರ್ ಕೇಂದ್ರದಲ್ಲಿ ಕಣ್ಣಿಗೆ ಹಿಡಿಯುವ ಯಂತ್ರ ಈ ಕಷ್ಟವನ್ನು ಅವಕೆಂಪು ಬೆಳಕಿನಿಂದ ದಾಟುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಹೀರುವ ಮೆಲನಿನ್, ಕೆಂಪಿನಾಚೆಯ ಈ ಬೆಳಕನ್ನು ಬಹಳ ಮಟ್ಟಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ನಮ್ಮ ಕಡುಗಂದು ಐರಿಸ್ ಆ ಚಿತ್ರದಲ್ಲಿ ತಿಳಿಬೂದಿಯಾಗಿ, ಎಳೆಎಳೆಯಾಗಿ ಮೂಡುತ್ತದೆ. ಚಿತ್ರ ಕಪ್ಪು–ಬಿಳುಪು. ನೀವು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋದರೆ ಯಂತ್ರ ತಡವರಿಸುವುದು ಬಣ್ಣ ಬದಲಾಯಿತೆಂದಲ್ಲ, ಲೆನ್ಸಿನ ಮೇಲೆ ಅಚ್ಚು ಹಾಕಿದ ಗೆರೆಗಳು ನಿಮ್ಮ ಗೆರೆಗಳನ್ನು ಮುಚ್ಚಿವೆಯೆಂದು.